ಯುಎಕ್ಸ್ ಇಂಟರ್ನ್‌ಶಿಪ್‌ಗೆ ಪೋರ್ಟ್‌ಫೋಲಿಯೋ: ಒಂದು ಕೇಸ್ ಸ್ಟಡಿನ ಶುರುವಿಂದ ಕಟ್ಟೋದು ಹೇಗೆ

ನಮ್ಮ ಟೀಮಿಗೆ ಇಂಟರ್ನ್‌ಶಿಪ್ ಕೇಳ್ಕೊಂಡು ಬರೋ ಪೋರ್ಟ್‌ಫೋಲಿಯೋಗಳನ್ನ ಮೊದಲು ನೋಡೋ ಕೆಲಸ ನಂದು. ತುಂಬಾ ಜನರದ್ದು ಒಂದೇ ಥರ ಇರತ್ತೆ. ಒಂದು ಫುಡ್ ಡೆಲಿವರಿ ಆಪ್ ರೀಡಿಸೈನ್, ಒಂದು ಮ್ಯೂಸಿಕ್ ಆಪ್ ರೀಡಿಸೈನ್, ಇಂಟರ್ನೆಟ್ಟಿಂದ ತಗೊಂಡ ಫೋಟೋ ಹಾಕಿರೋ ಒಂದು ಪರ್ಸೋನಾ, ಕೊನೇಲಿ ಫೋನ್ ಮಾಕಪ್ ಒಳಗೆ ಹತ್ತು ಸ್ಕ್ರೀನು. ಸ್ಕ್ರೀನ್ ಚೆನ್ನಾಗೇ ಇರತ್ತೆ, ಆದ್ರೆ ಅದನ್ನ ಮಾಡಿದವರು ಏನು ನೋಡಿದ್ರು, ನೋಡಿದ್ಮೇಲೆ ಏನು ನಿರ್ಧಾರ ಮಾಡಿದ್ರು, ಯಾವುದನ್ನ ಯಾಕೆ ಬಿಟ್ರು ಅನ್ನೋದು ಅದ್ರಲ್ಲಿ ಎಲ್ಲೂ ಸಿಗಲ್ಲ, ಇಂಟರ್ನ್ ತಗೊಳ್ಳೋವಾಗ ನಾವು ಹುಡುಕೋದೇ ಅದನ್ನ.

ಕೇಸ್ ಸ್ಟಡಿ ಎಷ್ಟಿರಬೇಕು ಅಂತ ಎಲ್ಲರೂ ಕೇಳ್ತಾರೆ. ಇಂಟರ್ನ್‌ಶಿಪ್‌ಗೆ ಎರಡು ಸಾಕು, ಮೂರಕ್ಕಿಂತ ಜಾಸ್ತಿ ಬೇಡ. ಅದ್ರಲ್ಲಿ ಒಂದು ನಿಜವಾಗ್ಲೂ ಆಳವಾಗಿರಲಿ, ಇನ್ನೊಂದು ಚಿಕ್ಕದಾದ್ರೂ ನಡೆಯತ್ತೆ. ಇಲ್ಲಿ ಆ ಆಳವಾದ ಒಂದನ್ನ ಹೇಗೆ ಕಟ್ಟೋದು ಅಂತ ಒಂದು ಉದಾಹರಣೆ ಇಟ್ಕೊಂಡು ಶುರುವಿಂದ ಹೇಳ್ತೀನಿ.

ಸಮಸ್ಯೆ ಆರಿಸೋದು

ಒಂದೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಈ ಸಮಸ್ಯೆ ಇರೋ ಐದಾರು ಜನ ಈ ವಾರ ನನ್ನ ಕೈಗೆ ಸಿಗ್ತಾರಾ? ಸಿಗಲ್ಲ ಅಂದ್ರೆ ಆ ಐಡಿಯಾ ಎಷ್ಟೇ ಚೆನ್ನಾಗಿದ್ರೂ ಬಿಟ್ಬಿಡಿ. ದೊಡ್ಡ ಕಂಪನಿಯ ಆಪ್ ರೀಡಿಸೈನ್ ಮಾಡೋದ್ರಲ್ಲಿ ಇರೋ ತೊಂದರೇನೇ ಇದು, ಅವ್ರ ಡೇಟಾ ನಿಮ್ಮ ಹತ್ರ ಇಲ್ಲ, ಆ ಬಟನ್ ಅಲ್ಲಿ ಯಾಕಿದೆ ಅನ್ನೋ ಕಾರಣ ಗೊತ್ತಿಲ್ಲ, ಹಾಗಾಗಿ ನೀವು ಮಾಡಿದ ಬದಲಾವಣೆ ಸರಿನಾ ತಪ್ಪಾ ಅಂತ ಯಾರಿಗೂ ಹೇಳೋಕಾಗಲ್ಲ.

ಈಗ ಉದಾಹರಣೆ. ನಿಮ್ಮ ಮನೆ ಹಾಸನದ ಹತ್ರ ಒಂದು ಹಳ್ಳಿ, ಮನೇಲಿ ಎರಡು ಹಸು, ಅಮ್ಮ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕ್ತಾರೆ ಅಂದ್ಕೊಳ್ಳಿ. ಡೇರೀಲಿ ಹಾಲು ಅಳೆದು, ಮಷಿನ್‌ನಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದ್ರೆ ಫ್ಯಾಟ್ ಬಿಟ್ಟು ಹಾಲಲ್ಲಿರೋ ಉಳಿದ ಘನ ಅಂಶ, ಎರಡೂ ನೋಡಿ, ಒಂದು ಚಿಕ್ಕ ಚೀಟಿ ಪ್ರಿಂಟ್ ಮಾಡಿ ಕೊಡ್ತಾರೆ. ದುಡ್ಡು ಒಂದಷ್ಟು ದಿನದ್ದು ಸೇರಿಸಿ ಬ್ಯಾಂಕಿಗೆ ಬರತ್ತೆ. ನಿನ್ನೆ ಅಮ್ಮ 5.2 ಲೀಟರ್ ಹಾಕಿದ್ರು, ಫ್ಯಾಟ್ 4.1 ಬಂತು, ರೇಟ್ 36.10, ಒಟ್ಟು 187.72 ರೂಪಾಯಿ. ಇವತ್ತು ಹಾಕಿದ್ದು 5.4 ಲೀಟರ್, ಆದ್ರೆ ಫ್ಯಾಟ್ 3.6, ರೇಟ್ 34.40, ಒಟ್ಟು 185.76. ಹಾಲು ಜಾಸ್ತಿ, ದುಡ್ಡು ಕಡಿಮೆ. (ರೇಟೆಲ್ಲ ಲೆಕ್ಕಕ್ಕೆ ಅಂತ ಹಾಕಿರೋದು, ನಿಮ್ಮೂರಲ್ಲಿ ಬೇರೆ ಇರತ್ತೆ.) ಅಮ್ಮ ಬಂದು "ಮಷಿನ್ ಸರಿ ಇಲ್ಲ ಕಣೋ" ಅಂತಾರೆ. ಚೀಟೀಲಿ ಎಲ್ಲಾ ಅಂಕಿ ಇದೆ, ಆದ್ರೆ ಯಾಕೆ ಕಡಿಮೆ ಆಯ್ತು ಅನ್ನೋದಕ್ಕೆ ಚೀಟಿ ಉತ್ತರ ಕೊಡ್ತಿಲ್ಲ.

ಇದು ಕೇಸ್ ಸ್ಟಡಿಗೆ ಯಾಕೆ ಒಳ್ಳೇದು ಅಂದ್ರೆ, ಬಳಸೋರು ಬೆಳಿಗ್ಗೆ ಎದ್ರೆ ಡೇರಿ ಮುಂದೆ ಸಾಲಾಗಿ ನಿಂತಿರ್ತಾರೆ, ಸಮಸ್ಯೆ ಒಂದೇ ಸಾಲಲ್ಲಿ ಹೇಳಬಹುದು, ಪರಿಹಾರ ಕೆಲಸ ಮಾಡತ್ತಾ ಇಲ್ವಾ ಅಂತ ಅಲ್ಲೇ ಪರೀಕ್ಷೆ ಮಾಡಬಹುದು. ನಿಮ್ಮದು ಹಳ್ಳಿ ಅಲ್ಲ ಅಂದ್ರೆ ಹಾಸ್ಟೆಲ್ ಮೆಸ್ ಲೆಕ್ಕ, ಕಾಲೇಜ್ ಲೈಬ್ರರಿಯ ಬುಕ್ ರಿನ್ಯೂವಲ್, ಬೀದಿ ಮೂಲೆಯ ಝೆರಾಕ್ಸ್ ಅಂಗಡಿಗೆ ವಾಟ್ಸಾಪಲ್ಲಿ ಫೈಲ್ ಕಳಿಸೋ ಗೋಳು, ಯಾವುದಾದ್ರೂ ಆಗತ್ತೆ.

ಹೋಗಿ ನೋಡೋದು, ಕೇಳೋದು

ಮೊದಲು ಸುಮ್ನೆ ನೋಡಿ. ಎರಡು ಮೂರು ಬೆಳಿಗ್ಗೆ ಡೇರಿ ಹತ್ರ ನಿಂತು ಚೀಟಿ ಕೈಗೆ ಬಂದ್ಮೇಲೆ ಏನಾಗತ್ತೆ ಅಂತ ಗಮನಿಸಿ. ಯಾರು ಓದ್ತಾರೆ, ಯಾರು ನೋಡದೇ ಸೊಂಟಕ್ಕೆ ಸಿಗಿಸ್ಕೊಳ್ತಾರೆ, ಯಾರು ಪಕ್ಕದವರಿಗೆ ತೋರಿಸಿ "ಎಷ್ಟು ಬಂತು ನೋಡು" ಅಂತಾರೆ. ಗೂಗಲ್ ಫಾರ್ಮ್ ಕಳಿಸಿದ್ರೆ ಇದ್ಯಾವುದೂ ಗೊತ್ತಾಗಲ್ಲ, ಫಾರ್ಮ್ ತುಂಬೋರು ನಿಮ್ಮ ಕ್ಲಾಸ್‌ಮೇಟ್‌ಗಳು, ಹಾಲು ಹಾಕೋರಲ್ಲ.

ಆಮೇಲೆ ಐದಾರು ಜನರ ಹತ್ರ ಮಾತಾಡಿ. ಪ್ರಶ್ನೆ ಯಾವಾಗ್ಲೂ ನಡೆದು ಹೋಗಿರೋದರ ಬಗ್ಗೆ ಇರಲಿ. "ಇಂಥ ಆಪ್ ಮಾಡಿದ್ರೆ ಬಳಸ್ತೀರಾ ಅಕ್ಕಾ?" ಅಂತ ಕೇಳಿದ್ರೆ, ಓದೋ ಹುಡುಗ ಬೇಜಾರ್ ಮಾಡ್ಕೋಬಾರ್ದು ಅಂತ ಎಲ್ಲರೂ "ಹೂಂ ಕಣಪ್ಪ, ಬಳಸ್ತೀವಿ" ಅಂತಾರೆ. ಅದರ ಬದಲು "ಕೊನೇ ಸಲ ದುಡ್ಡು ಕಡಿಮೆ ಬಂದಿದ್ದು ಯಾವಾಗ ಅಕ್ಕಾ? ಆಗ ಏನ್ ಮಾಡಿದ್ರಿ? ಚೀಟಿ ಇಟ್ಕೊಂಡಿದೀರಾ, ತೋರಿಸ್ತೀರಾ?" ಅಂತ ಕೇಳಿ. ಚೀಟಿ ಕೈಲಿ ಹಿಡ್ಕೊಂಡು ಮಾತಾಡೋಕೆ ಶುರು ಮಾಡಿದ್ರೆ ನೀವು ಯೋಚನೇನೇ ಮಾಡದಿರೋ ವಿಷಯ ಹೊರಗೆ ಬರತ್ತೆ. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರೋದ್ರಿಂದ ಚೀಟಿ ಲೆಕ್ಕಕ್ಕೂ ಪಾಸ್‌ಬುಕ್ ಲೆಕ್ಕಕ್ಕೂ ತಾಳೆ ಆಗಲ್ಲ, ಪಶು ಆಹಾರದ ದುಡ್ಡು ಡೇರೀಲೇ ಮುರ್ಕೊಂಡಿದ್ರೆ ಇನ್ನೂ ಗೊಂದಲ, ಈ ಥರದ್ದು.

ಫ್ಯಾಟ್ ಯಾಕೆ ಏರುಪೇರಾಗತ್ತೆ ಅನ್ನೋದನ್ನೂ ತಿಳ್ಕೊಳ್ಳಿ, ಮೇವು, ಹಸು ತಳಿ, ಕರು ಹಾಕಿ ಎಷ್ಟು ದಿನ ಆಯ್ತು, ಇದೆಲ್ಲ ಸೇರತ್ತೆ. ಡೇರಿ ಸೆಕ್ರೆಟರಿ ಹತ್ರ ಕೂತು ರೇಟ್ ಚಾರ್ಟ್ ಒಂದ್ಸಲ ನೋಡಿ. ಯಾವ ಕ್ಷೇತ್ರಕ್ಕೆ ಡಿಸೈನ್ ಮಾಡ್ತಿದೀರೋ ಅದರ ಲೆಕ್ಕ ನಿಮಗೇ ಬರಲ್ಲ ಅಂದ್ರೆ ಅದು ಇಂಟರ್‌ವ್ಯೂನ ಎರಡನೇ ಪ್ರಶ್ನೆಗೇ ಗೊತ್ತಾಗ್ಬಿಡತ್ತೆ.

ಈ ಹಂತದಲ್ಲಿ ಎಲ್ಲಾ ಇಟ್ಕೊಳ್ಳಿ: ನೋಟ್‌ಬುಕ್ ಪುಟದ ಫೋಟೋ, ಚೀಟಿ ಫೋಟೋ, ಅವರ ಮಾತನ್ನ ಅವರ ಧಾಟಿಯಲ್ಲೇ ಬರ್ಕೊಂಡಿರೋದು. ಫೋಟೋ ತೆಗೆಯೋಕೆ ಮುಂಚೆ ಕೇಳಿ, ಪೋರ್ಟ್‌ಫೋಲಿಯೋದಲ್ಲಿ ಹಾಕ್ತೀನಿ ಅಂತ ಬಿಡಿಸಿ ಹೇಳಿ, ಹೆಸರು ಮೆಂಬರ್ ನಂಬರ್ ಖಾತೆ ನಂಬರ್ ಎಲ್ಲಾ ಬ್ಲರ್ ಮಾಡಿ. ನಾನು ಪೋರ್ಟ್‌ಫೋಲಿಯೋ ನೋಡೋವಾಗ ಹಳೇ ನೋಟ್‌ಬುಕ್ಕಿನ ಒಂದು ವಕ್ರ ಫೋಟೋ ಕಂಡ್ರೂ ಅಲ್ಲಿ ನಿಲ್ತೀನಿ, ಯಾಕಂದ್ರೆ ಇವ್ರು ಹೋಗಿದಾರೆ ಅಂತ ಅದು ಹೇಳತ್ತೆ.

ಇನ್ನೊಂದು. ಐದು ಜನರ ಹತ್ರ ಮಾತಾಡಿ "60% ಬಳಕೆದಾರರು" ಅಂತ ಪೈ ಚಾರ್ಟ್ ಹಾಕ್ಬೇಡಿ. "ಐವರಲ್ಲಿ ಮೂವರು" ಅಂತ ಬರೀರಿ. ಚಿಕ್ಕ ಸಂಖ್ಯೆ ತಪ್ಪಲ್ಲ, ಅದನ್ನ ದೊಡ್ಡದಾಗಿ ಕಾಣಿಸೋಕೆ ಹೋಗೋದು ತಪ್ಪು, ಅನುಭವ ಇರೋರಿಗೆ ಆ ಚಾರ್ಟ್ ನೋಡಿದ ತಕ್ಷಣ ಉಳಿದಿದ್ದರ ಮೇಲೂ ಅನುಮಾನ ಬರತ್ತೆ.

ಸಮಸ್ಯೆನ ಚಿಕ್ಕದು ಮಾಡೋದು

ಮಾತಾಡಿ ಬಂದ್ಮೇಲೆ ತಲೆ ತುಂಬ ಹತ್ತು ಸಮಸ್ಯೆ ಇರತ್ತೆ, ಎಲ್ಲಾ ಸೇರಿಸಿ ಒಂದು ದೊಡ್ಡ ಡೇರಿ ಆಪ್ ಮಾಡೋಣ ಅನ್ಸತ್ತೆ, ಮೇವು, ಪಶು ವೈದ್ಯರು, ಸಾಲ, ಚಾಟ್ ಎಲ್ಲಾ. ಅದನ್ನ ಮಾಡ್ಬೇಡಿ. ಒಂದನ್ನ ಆರಿಸಿ, ಇಷ್ಟು ಸಣ್ಣದಾಗಿ ಬರೀರಿ: "ಹಾಲು ಹಾಕೋರಿಗೆ ಇವತ್ತಿನ ದುಡ್ಡು ನಿನ್ನೆಗಿಂತ ಯಾಕೆ ಬದಲಾಯ್ತು ಅಂತ ಚೀಟಿ ನೋಡಿದ್ರೆ ಗೊತ್ತಾಗಲ್ಲ, ಅದಕ್ಕೆ ಮಷಿನ್ ಮೇಲೋ ಸೆಕ್ರೆಟರಿ ಮೇಲೋ ಅನುಮಾನ ಪಡ್ತಾರೆ." ಇದರಲ್ಲಿ ಯಾರು, ಏನು, ಅದರಿಂದ ಏನಾಗತ್ತೆ ಮೂರೂ ಇದೆ. ಆಪ್ ಅನ್ನೋ ಮಾತೇ ಇಲ್ಲ, ಇರಲೂಬಾರ್ದು, ಸಮಸ್ಯೆ ಬರೆಯೋ ಸಾಲಲ್ಲೇ ಪರಿಹಾರ ಸೇರ್ಕೊಂಡ್ರೆ ಮುಂದೆ ಯೋಚನೆ ಮಾಡೋಕೆ ಏನೂ ಉಳಿಯಲ್ಲ.

ಮೂರು ದಾರಿ ಹಾಕಿ ಎರಡನ್ನ ಬಿಡೋದು

ನನ್ನ ಪ್ರಕಾರ ಇಡೀ ಕೇಸ್ ಸ್ಟಡೀಲಿ ತುಂಬಾ ತೂಕ ಇರೋ ಭಾಗ ಇದೇ, ಹೆಚ್ಚಿನವರು ಇದನ್ನ ಹಾರಿಸಿಬಿಡ್ತಾರೆ. ಪೇಪರ್ ಮೇಲೆ ಕನಿಷ್ಠ ಮೂರು ಬೇರೆ ಬೇರೆ ದಾರಿ ಬಿಡಿಸಿ. ಒಂದೇ ಸ್ಕ್ರೀನಿನ ಮೂರು ಬಣ್ಣ ಅಲ್ಲ, ನಿಜವಾಗ್ಲೂ ಬೇರೆ ದಾರಿ.

ಮೊದಲನೇದು, ಹಾಲು ಹಾಕೋರಿಗೇ ಒಂದು ಆಪ್. ಆದ್ರೆ ನೀವು ನೋಡ್ದಾಗ ಬೆಳಿಗ್ಗೆ ಆರು ಗಂಟೇಲಿ ಡೇರಿಗೆ ಬಂದ ಅಕ್ಕಂದಿರ ಕೈಲಿ ಕ್ಯಾನ್ ಇತ್ತು, ಫೋನ್ ಇರಲಿಲ್ಲ, ಸ್ಮಾರ್ಟ್‌ಫೋನ್ ಮನೇಲಿ ಮಗನ ಹತ್ರ ಇತ್ತು. ಹಾಗಾಗಿ ಅನುಮಾನ ಹುಟ್ಟೋ ಜಾಗದಲ್ಲಿ ಆಪ್ ಇರಲ್ಲ.

ಎರಡನೇದು, ಕನ್ನಡದಲ್ಲಿ ಎಸ್‌ಎಂಎಸ್. ಇದಕ್ಕೊಂದು ಗಟ್ಟಿ ಮಿತಿ ಇದೆ, ಇಂಗ್ಲಿಷಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದ್ರೆ ಕನ್ನಡದಂಥ ಯೂನಿಕೋಡ್ ಲಿಪೀಲಿ 70 ಮಾತ್ರ, ಅದ್ರಲ್ಲೂ ಕೊಂಬು, ದೀರ್ಘ, ಒತ್ತಿನ ಗುರುತು ಎಲ್ಲಾ ಒಂದೊಂದು ಅಕ್ಷರವಾಗೇ ಲೆಕ್ಕಕ್ಕೆ ಬರತ್ತೆ. ಲೀಟರ್, ಫ್ಯಾಟ್, ರೇಟ್, ಒಟ್ಟು ಹಾಕಿದ್ರೆ ಹಿಡಿಯತ್ತೆ, ಆದ್ರೆ "ಯಾಕೆ" ಅನ್ನೋದನ್ನ ಸೇರಿಸಿದ್ರೆ ಎರಡನೇ ಮೆಸೇಜಿಗೆ ಹೋಗತ್ತೆ, ಖರ್ಚೂ ಎರಡರಷ್ಟು.

ಮೂರನೇದು, ಚೀಟಿನೇ ಸರಿ ಮಾಡೋದು, ಜೊತೆಗೆ ಸಂಜೆ ಮನೇಲಿ ಮಗ ಅಥವಾ ಮಗಳು ಅಮ್ಮನ ಪಕ್ಕ ಕೂತು ನೋಡೋಕೆ ಫೋನಲ್ಲಿ ಒಂದೇ ಒಂದು ಸ್ಕ್ರೀನು. ಚೀಟಿಗೂ ಮಿತಿ ಇದೆ. 58 ಮಿಲಿಮೀಟರ್ ಥರ್ಮಲ್ ಪೇಪರ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಲಿಗೆ 32 ಇಂಗ್ಲಿಷ್ ಅಕ್ಷರ ಹಿಡಿಯತ್ತೆ, ಎಷ್ಟೋ ಪ್ರಿಂಟರಲ್ಲಿ ಕನ್ನಡ ಫಾಂಟೇ ಇರಲ್ಲ, ಕನ್ನಡ ಬೇಕಂದ್ರೆ ಇಮೇಜ್ ಮಾಡಿ ಪ್ರಿಂಟ್ ಕೊಡ್ಬೇಕು, ಸ್ವಲ್ಪ ನಿಧಾನ ಆಗತ್ತೆ, ಸಾಲಲ್ಲಿ ಜನ ನಿಂತಿರ್ತಾರೆ. ಆದ್ರೂ ಇದನ್ನೇ ಆರಿಸ್ತೀವಿ, ಯಾಕಂದ್ರೆ ಪ್ರಶ್ನೆ ಹುಟ್ಟೋ ಹೊತ್ತಿಗೆ ಕೈಲಿ ಇರೋದು ಚೀಟಿ ಮಾತ್ರ.

ಈ ಮೂರು ಪ್ಯಾರಾ ಹಾಗೇ ನಿಮ್ಮ ಕೇಸ್ ಸ್ಟಡೀಲಿ ಹೋಗ್ಬೇಕು, ಪಕ್ಕದಲ್ಲಿ ಪೆನ್ನಲ್ಲಿ ಬಿಡಿಸಿದ ಸ್ಕೆಚ್ ಸಮೇತ.

ಸ್ಕ್ರೀನ್ ಮಾಡೋದು

ಫಿಗ್ಮಾ ಸಾಕು, ಫ್ರೀ ಪ್ಲಾನಲ್ಲೇ ಆಗತ್ತೆ. ಟೂಲ್ ಕಲಿಯೋದಕ್ಕೆ ವಿಡಿಯೋಗಳು ಬೇಕಾದಷ್ಟಿದೆ, ಅದನ್ನ ಇಲ್ಲಿ ಹೇಳಲ್ಲ. ಆದ್ರೆ ಕನ್ನಡ ಸ್ಕ್ರೀನ್ ಮಾಡೋವಾಗ ಮಾತ್ರ ಬರೋ ಒಂದೆರಡು ವಿಷಯ ಹೇಳ್ಲೇಬೇಕು.

ಇಂಗ್ಲಿಷಿಗೆ ಇಟ್ಟ ಲೈನ್ ಹೈಟನ್ನೇ ಕನ್ನಡಕ್ಕೂ ಇಟ್ರೆ ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯತ್ತೆ ಅಥವಾ ಬಟನ್ ಒಳಗೆ ಕತ್ತರಿಸಿ ಹೋಗತ್ತೆ. ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಹಾಕಿ, ಫಾಂಟ್ ಸೈಜ್ 16 ಇದ್ರೆ ಲೈನ್ ಹೈಟ್ 24-26 ಇಟ್ಟು ಶುರು ಮಾಡಿ, "ಒಟ್ಟು", "ಲಕ್ಷ್ಮಮ್ಮ", "ಸ್ತ್ರೀ" ಈ ಮೂರನ್ನ ಬರೆದು ನೋಡಿ. ಮೂರೂ ಪೂರ್ತಿ ಕಂಡ್ರೆ ಮುಂದಕ್ಕೆ ಹೋಗಬಹುದು. ಮತ್ತೆ ಅದೇ ಬಟನ್ ಹೆಸರು ಕನ್ನಡದಲ್ಲಿ ಉದ್ದ ಆಗತ್ತೆ, ಹಾಗಾಗಿ ಮೊದಲೇ ಕನ್ನಡದಲ್ಲಿ ಬರೆದು ಆಮೇಲೆ ಬಟನ್ ಅಗಲ ನಿರ್ಧಾರ ಮಾಡಿ. ಅಕ್ಷರ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಲಿ, ತಿಳಿ ಬೂದು ಅಕ್ಷರ ನಿಮ್ಮ ಲ್ಯಾಪ್‌ಟಾಪಲ್ಲಿ ಚಂದ ಕಾಣತ್ತೆ, ಹಿತ್ತಲ ಬಿಸಿಲಲ್ಲಿ ಅಮ್ಮಂಗೆ ಏನೂ ಕಾಣಲ್ಲ.

ಸ್ಕ್ರೀನಲ್ಲಿ ಏನಿರಬೇಕು? ನಿನ್ನೆ ಮತ್ತು ಇವತ್ತು ಪಕ್ಕ ಪಕ್ಕ, ಅಷ್ಟೇ. ಮೇಲೆ ದೊಡ್ಡದಾಗಿ ಇವತ್ತಿನ ಒಟ್ಟು, ಕೆಳಗೆ ಲೀಟರ್, ಫ್ಯಾಟ್, ರೇಟ್. "ಉದಾ ಪಠ್ಯ" ಅಂತ ಎಲ್ಲೂ ಇರಬಾರ್ದು, ನಿಜವಾದ ಚೀಟೀಲಿ ಬರೋಂಥ ಅಂಕಿನೇ ತುಂಬಿ.

ಪರೀಕ್ಷೆ

ಯೂಸಬಿಲಿಟಿ ಟೆಸ್ಟಿಗೆ ಐದು ಜನ ಸಾಕು ಅಂತ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದಿದ್ದು ಎಲ್ಲರ ಬಾಯಲ್ಲಿದೆ. ಅದು ದೊಡ್ಡ ದೊಡ್ಡ ತೊಡಕು ಕಂಡ್ಹಿಡಿಯೋಕೆ ಸಾಕು ಅಂತ, ಐದು ಜನರಿಂದ ಶೇಕಡಾವಾರು ಲೆಕ್ಕ ತೆಗೆಯಬಹುದು ಅಂತಲ್ಲ. ಅವ್ರ ಸಲಹೆಯ ಮುಖ್ಯ ಭಾಗ ಜನ ಮರೀತಾರೆ: ಒಂದ್ಸಲ ಟೆಸ್ಟ್ ಮಾಡಿ, ಸರಿ ಮಾಡಿ, ಮತ್ತೆ ಟೆಸ್ಟ್ ಮಾಡಿ.

ಹೊಸ ಚೀಟೀನ ಅದೇ ಅಳತೇಲಿ ಪೇಪರ್ ಮೇಲೆ ಪ್ರಿಂಟ್ ತೆಗೆದು ಕತ್ತರಿಸಿ ಕೈಗೆ ಕೊಡಿ. ಕೇಳೋ ಪ್ರಶ್ನೇಲಿ ಉತ್ತರ ಸೇರಿರಬಾರ್ದು. "ಫ್ಯಾಟ್ ಕಡಿಮೆ ಆಗಿದೆ ಅಂತ ಇಲ್ಲಿ ಕಾಣ್ತಿದೆಯಾ?" ಅಂದ್ರೆ ಅದು ಟೆಸ್ಟೇ ಅಲ್ಲ. "ಇದು ಇವತ್ತಿನ ಚೀಟಿ ಅಂದ್ಕೊಳ್ಳಿ ಅಕ್ಕಾ, ನಿನ್ನೆಗಿಂತ ಜಾಸ್ತಿ ಬಂತಾ ಕಡಿಮೆ ಬಂತಾ, ಯಾಕಿರಬಹುದು?" ಅಂತ ಕೇಳಿ ಸುಮ್ನಾಗಿ. ಆ ಸುಮ್ನಿರೋದು ಕಷ್ಟ, ಅವ್ರು ತಡವರಿಸಿದಾಗ ಸಹಾಯ ಮಾಡೋಣ ಅನ್ಸತ್ತೆ, ಮಾಡ್ಬೇಡಿ, ಅವ್ರ ಬೆರಳು ಎಲ್ಲಿಗೆ ಹೋಗತ್ತೆ ಅಂತ ನೋಡಿ.

ಮೊದಲನೇ ಸಲ ನೀವು ಫ್ಯಾಟ್ ಪಕ್ಕ ಕೆಳಮುಖದ ಬಾಣ ಹಾಕಿದ್ರಿ ಅಂದ್ಕೊಳ್ಳಿ. ಇಬ್ಬರು ಬಾಣನ ಗಮನಿಸಲೇ ಇಲ್ಲ, ಒಬ್ಬರು "ಕೆಳಗೆ ನೋಡು ಅಂತನಾ?" ಅಂತ ಚೀಟಿ ತಿರುಗಿಸಿದ್ರು. ಎರಡನೇ ಸಲ ಬಾಣ ತೆಗೆದು ಕೊನೇ ಸಾಲಲ್ಲಿ ಮಾತಲ್ಲೇ ಹಾಕ್ತೀರಿ: "ಫ್ಯಾಟ್ ಕಡಿಮೆ, ಅದಕ್ಕೆ ರೇಟ್ ₹1.70 ಇಳಿದಿದೆ". ಈಗ ಕಾರಣ ಹೇಳೋಕೆ ಆಗತ್ತೆ. ಆದ್ರೆ ಓದೋಕೆ ಬರದವರಿಗೆ ಇದೂ ಕೆಲಸ ಮಾಡಲ್ಲ, ಅವ್ರಿಗೆ ಸೆಕ್ರೆಟರಿನೇ ಹೇಳ್ಬೇಕು. ಈ ಮಿತೀನ ಮುಚ್ಚಿಡದೇ ಬರೀರಿ. ಮೊದಲ ಚೀಟಿ, ಎರಡನೇ ಚೀಟಿ ಪಕ್ಕ ಪಕ್ಕ ಹಾಕಿ ಏನು ಬದಲಾಯ್ತು ಯಾಕೆ ಅಂತ ಎರಡು ಸಾಲು, ನಾನು ಪೋರ್ಟ್‌ಫೋಲಿಯೋದಲ್ಲಿ ಹುಡುಕೋ ಒಂದೇ ಒಂದು ಚಿತ್ರ ಅಂದ್ರೆ ಇದು.

ಬರೆದು ಜೋಡಿಸೋದು

ಕೆಲಸ ಆದ ಕ್ರಮದಲ್ಲೇ ಬರೀಬೇಕು ಅಂತೇನಿಲ್ಲ. ನೋಡೋರು ಮೊದಲ ಸಲ ಒಂದೆರಡು ನಿಮಿಷ ಸ್ಕ್ರೋಲ್ ಮಾಡ್ತಾರೆ, ಇಷ್ಟ ಆದ್ರೆ ಮಾತ್ರ ಮತ್ತೆ ಮೇಲಕ್ಕೆ ಹೋಗಿ ಓದ್ತಾರೆ. ಹಾಗಾಗಿ ತಲೆಬರಹದಲ್ಲೇ ವಿಷಯ ಹೇಳಿ. "ಡೇರಿ ಆಪ್: ಒಂದು ಯುಎಕ್ಸ್ ಕೇಸ್ ಸ್ಟಡಿ" ಅಂದ್ರೆ ಏನೂ ಗೊತ್ತಾಗಲ್ಲ. "ಹಾಲು ಜಾಸ್ತಿ, ದುಡ್ಡು ಕಡಿಮೆ: ಯಾಕೆ ಅಂತ ಹೇಳೋ ಡೇರಿ ಚೀಟಿ" ಅಂದ್ರೆ ಗೊತ್ತಾಗತ್ತೆ. ಅದರ ಕೆಳಗೇ ಒಂದು ಚಿತ್ರ, ಹಳೇ ಚೀಟಿ ಹೊಸ ಚೀಟಿ. ಆಮೇಲೆ ಮೂರು ಸಾಲಲ್ಲಿ ನಿಮ್ಮ ಪಾತ್ರ, ಎಷ್ಟು ವಾರ, ಯಾರ ಜೊತೆ. ಗ್ರೂಪ್ ಪ್ರಾಜೆಕ್ಟ್ ಆಗಿದ್ರೆ "ನಾವು" ಅಂತ ಎಲ್ಲಾ ಕಡೆ ಬರೆದು ಬಿಡಬೇಡಿ, ಇಂಟರ್‌ವ್ಯೂ ನಾನು ಮಾಡ್ದೆ, ಸ್ಕ್ರೀನ್ ಗೆಳತಿ ಮಾಡಿದ್ಲು ಅಂತ ಬಿಡಿಸಿ ಹೇಳಿ.

ಒಳಗಿನ ತಲೆಬರಹಗಳೂ ಹಾಗೇ. "ರಿಸರ್ಚ್", "ಐಡಿಯೇಷನ್", "ಟೆಸ್ಟಿಂಗ್" ಅಂತ ಹಾಕೋ ಬದಲು "ಡೇರಿಗೆ ಬರೋರ ಕೈಲಿ ಫೋನ್ ಇರಲ್ಲ", "ಬಾಣ ಯಾರಿಗೂ ಅರ್ಥ ಆಗಲಿಲ್ಲ" ಅಂತ ಹಾಕಿ. ಬರೀ ತಲೆಬರಹ ಓದ್ಕೊಂಡು ಹೋದ್ರೂ ಕತೆ ಗೊತ್ತಾಗ್ಬೇಕು. ಡಬಲ್ ಡೈಮಂಡ್ ಚಿತ್ರ ಬೇಡ, ಅದು ಎಲ್ಲರಿಗೂ ಗೊತ್ತಿರೋದೇ. ನಿಜವಾದ ಮನುಷ್ಯರ ಮಾತು ಇರೋವಾಗ ಕಲ್ಪನೆಯ ಪರ್ಸೋನಾ ಕೂಡ ಬೇಡ. ಪ್ರತಿ ಚಿತ್ರದ ಕೆಳಗೆ ಏನು ನೋಡ್ಬೇಕು ಅಂತ ಒಂದು ಸಾಲು ಇರಲಿ. ಒಟ್ಟು ಬರವಣಿಗೆ 700-900 ಪದ ದಾಟಿದ್ರೆ ಕತ್ತರಿಸೋಕೆ ಶುರು ಮಾಡಿ. ಕಂಪನಿ ಬೆಂಗಳೂರಲ್ಲಿದ್ರೂ ಓದೋರಿಗೆ ಕನ್ನಡ ಬರದೇ ಇರಬಹುದು, ಹಾಗಾಗಿ ಬರವಣಿಗೆ ಇಂಗ್ಲಿಷಲ್ಲಿ ಇರಲಿ, ಚೀಟಿ ಮತ್ತು ಸ್ಕ್ರೀನ್ ಕನ್ನಡದಲ್ಲೇ ಇಟ್ಟು ಪಕ್ಕದಲ್ಲಿ ಅರ್ಥ ಹಾಕಿ. ಇಂಗ್ಲಿಷ್ ಸರಳವಾಗಿದ್ರೆ ಸಾಕು.

ಹಾಕೋದು, ಕಳಿಸೋದು

ಬಿಹಾನ್ಸ್, ನೋಷನ್, ಫ್ರೇಮರ್, ಇಲ್ಲಾ ಒಂದು ಪಿಡಿಎಫ್, ಯಾವುದಾದ್ರೂ ನಡೆಯತ್ತೆ, ವೆಬ್‌ಸೈಟ್ ಕಟ್ಟೋದಕ್ಕೇ ತಿಂಗಳು ಕಳೀಬೇಡಿ. ಮೊದಲ ಪುಟದಲ್ಲಿ ಹೆಸರು, ಏನು ಓದ್ತಿದೀರಿ, ಯಾವ ತಿಂಗಳಿಂದ ಸಿಗ್ತೀರಿ, ಎರಡು ಕೇಸ್ ಸ್ಟಡಿ, ಇಮೇಲ್. ಸ್ಕಿಲ್‌ಗಳಿಗೆ 80% 90% ಅಂತ ಪಟ್ಟಿ ಬೇಡ, ಫಿಗ್ಮಾ 90% ಬರತ್ತೆ ಅನ್ನೋದಕ್ಕೆ ಅರ್ಥ ಇಲ್ಲ.

ಕಳಿಸೋಕೆ ಮುಂಚೆ ಲಿಂಕನ್ನ ಇನ್‌ಕಾಗ್ನಿಟೋದಲ್ಲಿ ತೆಗೆದು ನೋಡಿ. ಫಿಗ್ಮಾ ಫೈಲಲ್ಲೂ ಡ್ರೈವ್ ಪಿಡಿಎಫ್‌ನಲ್ಲೂ ಶೇರ್ ಸೆಟ್ಟಿಂಗ್ `Anyone with the link` ಅಂತ ಇದೆಯಾ, ಎಡಿಟ್ ಅಲ್ಲದೆ ವ್ಯೂ ಮಾತ್ರ ಇದೆಯಾ ನೋಡಿ. ಲಿಂಕ್ ತೆರೆದ್ರೆ "ಪರ್ಮಿಷನ್ ಕೇಳಿ" ಅಂತ ಬರೋ ಅರ್ಜಿಗಳು ಪ್ರತಿ ಸಲಾನೂ ಇರ್ತವೆ, ಎಲ್ಲರೂ ಪರ್ಮಿಷನ್ ಕೇಳ್ಕೊಂಡು ಕೂರಲ್ಲ, ಮುಂದಿನದಕ್ಕೆ ಹೋಗ್ತಾರೆ. ಪಾಸ್‌ವರ್ಡ್ ಹಾಕಿದ್ರೆ ಅದೇ ಮೇಲಲ್ಲಿ ಬರೀರಿ. ಪಿಡಿಎಫ್ 10 ಎಂಬಿ ಒಳಗಿರಲಿ, ಹೆಸರು `final_new_2.pdf` ಅಂತ ಇರದೇ ನಿಮ್ಮ ಹೆಸರು ಇರಲಿ. ಒಂದ್ಸಲ ಫೋನಲ್ಲೂ ತೆಗೆದು ನೋಡಿ, ಎಷ್ಟೋ ಸಲ ನಾವು ಕ್ಯಾಬಲ್ಲೋ ಮೆಟ್ರೋದಲ್ಲೋ ಕೂತು ಫೋನಲ್ಲೇ ನೋಡೋದು.

ಮೇಲ್ ನಾಲ್ಕೈದು ಸಾಲು ಸಾಕು. ಆ ಕಂಪನಿಗೆ ಸಂಬಂಧ ಇರೋ ಕೇಸ್ ಸ್ಟಡಿನ ಮೊದಲು ಹೇಳಿ, ಲಿಂಕ್ ನೇರ ಅದಕ್ಕೇ ಕೊಡಿ. ಪೇಮೆಂಟ್ ಕಂಪನಿ ಆಗಿದ್ರೆ ಡೇರಿ ಚೀಟಿ ಅಂದ್ರೆ ಲೆಕ್ಕದ ಮೇಲೆ ನಂಬಿಕೆ ಹುಟ್ಟಿಸೋ ಕೆಲಸ, ಹಾಗೇ ಒಂದು ಸಾಲು ಬರೀರಿ.

ಇಂಟರ್‌ವ್ಯೂಗೆ ಕರೆದ್ರೆ ಖಂಡಿತ ಕೇಳೋ ಪ್ರಶ್ನೆಗಳು ಹೀಗಿರತ್ತೆ: ಸೆಕ್ರೆಟರಿ ಇದಕ್ಕೆ ಏನಂದ್ರು? ಪ್ರಿಂಟ್ ನಿಧಾನ ಆದ್ರೆ ಸಾಲಲ್ಲಿ ನಿಂತವರು ಏನ್ ಮಾಡ್ತಾರೆ? ಫ್ಯಾಟ್ ಸರಿ ಇದ್ದು ಎಸ್‌ಎನ್‌ಎಫ್ ಕಡಿಮೆ ಆದ ದಿನ ಕೊನೇ ಸಾಲಲ್ಲಿ ಏನು ಬರತ್ತೆ? ಎರಡೂ ಕಡಿಮೆ ಆದ್ರೆ? ಈ ಕೊನೇ ಎರಡಕ್ಕೆ ಚೀಟಿ ಹೇಗೆ ಕಾಣತ್ತೆ ಅಂತ ಮೊದಲೇ ಬಿಡಿಸಿ ಇಟ್ಕೊಂಡಿರಿ, ಫೈಲ್ ತೆಗೆದು ತೋರಿಸಿ ಮಾತಾಡಬಹುದು.